‘ಸಬ್ಮಿಟ್’ ಒತ್ತುವ ಮುನ್ನ ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡಬೇಕು?

ಪ್ರಶ್ನೆ: ಸ್ನಾತಕೋತ್ತರ ಓದಿಗೆ ವಿದ್ಯಾರ್ಥಿವೇತನ ಕೋರಿ ಆನ್‌ಲೈನ್ ಅರ್ಜಿ ತುಂಬಿದ್ದೇನೆ. ಎಂಟು ಪುಟ, ಆರು ದಾಖಲೆ. ಒಮ್ಮೆ ಸಲ್ಲಿಸಿದ ಮೇಲೆ ತಿದ್ದಲು ಅವಕಾಶವಿಲ್ಲ ಎಂದು ಬರೆದಿದ್ದಾರೆ. ಕಡೆಯ ದಿನಕ್ಕೆ ಇನ್ನೂ ನಾಲ್ಕು ದಿನವಿದೆ. ದಿನವೂ ರಾತ್ರಿ ಅರ್ಜಿಯನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ತಪ್ಪು ಕಾಣುವುದಿಲ್ಲ, ಆದರೂ ಬಟನ್ ಒತ್ತಲು ಧೈರ್ಯ ಬರುವುದಿಲ್ಲ. ಕೆಂಪು ಗುರುತು ಬಾರದಿದ್ದರೆ ಎಲ್ಲವೂ ಸರಿಯಿದೆ ಎಂದರ್ಥ ಎನ್ನುತ್ತಾನೆ ಗೆಳೆಯ. ಕೊನೆಯ ಗಳಿಗೆಯವರೆಗೆ ತಡೆದರೆ ತಿದ್ದಲು ಸಮಯ ಸಿಗುತ್ತದೆ ಎನ್ನುತ್ತಾಳೆ ಅಕ್ಕ. ಹೋದ ವರ್ಷ ನನ್ನ ಸಹಪಾಠಿಯೊಬ್ಬಳ ಅರ್ಜಿ ‘ಮಾಹಿತಿ ದಾಖಲೆಗೆ ಹೊಂದುತ್ತಿಲ್ಲ’ ಎಂದು ತಿರಸ್ಕೃತವಾಯಿತು. ಎಲ್ಲಿ ತಪ್ಪಾಯಿತೆಂದು ಅವಳಿಗೆ ಇಂದಿಗೂ ತಿಳಿದಿಲ್ಲ. ನಾನು ಏನೇನು ನೋಡಬೇಕು, ಎಲ್ಲಿಗೆ ಸಾಕೆನ್ನಬೇಕು?

ಉತ್ತರ: ಮೊದಲು ಒಂದು ಮಾತು ಕೇಳಿ. ಇಂದು ರಾತ್ರಿ ಅರ್ಜಿಯನ್ನು ತಿದ್ದುವ ಪುಟಗಳಲ್ಲಿ ತೆರೆದು ಓದಬೇಡಿ. ಹಾಗೆ ಓದಿದರೆ ತಪ್ಪು ಸಿಗುವ ಸಂಭವ ಕಡಿಮೆ, ಹೊಸ ತಪ್ಪು ಸೇರಿಕೊಳ್ಳುವ ಸಂಭವವೂ ಇದೆ.

ತಾನೇ ತುಂಬಿದ ಅರ್ಜಿಯನ್ನು ಓದುವವರ ಕಣ್ಣು ಬರೆದದ್ದನ್ನು ನೋಡುವ ಬದಲು ಬರೆಯಬೇಕೆಂದಿದ್ದುದನ್ನು ನೋಡುತ್ತದೆ. ಹುಟ್ಟಿದ ದಿನಾಂಕ ನಿಮಗೆ ಬಾಯಿಪಾಠವಾಗಿರುವುದರಿಂದ ಪರದೆಯ ಮೇಲೆ ಒಂದು ಅಂಕಿ ಬೇರೆಯಿದ್ದರೂ ಅದು ಸರಿಯಾಗಿಯೇ ಕಾಣುತ್ತದೆ. ಅರ್ಜಿಗಳನ್ನು ಪರಿಶೀಲಿಸುವ ಕೆಲಸದಲ್ಲಿ ನಾನು ಬಹಳ ಕಾಲ ಇದ್ದೇನೆ, ನಾವು ಯಾರೂ ಅರ್ಜಿಯನ್ನು ಹೀಗೆ ಓದುವುದಿಲ್ಲ. ಒಂದು ಕಡೆ ದಾಖಲೆ, ಇನ್ನೊಂದು ಕಡೆ ಅರ್ಜಿ ಇಟ್ಟುಕೊಂಡು ಒಂದೊಂದೇ ಖಾನೆಯನ್ನು ಹೊಂದಿಸಿ ನೋಡುತ್ತೇವೆ. ನಿಮ್ಮ ಸಹಪಾಠಿಗೆ ಬಂದ ಉತ್ತರ ಹುಟ್ಟುವುದು ಈ ಹಂತದಲ್ಲಿ. ಅಲ್ಲಿ ನಿಮ್ಮ ಅರ್ಹತೆಯ ಬಗ್ಗೆ ಯಾರೂ ಯೋಚಿಸುತ್ತಿರುವುದಿಲ್ಲ. ಎರಡು ಕಡೆಯೂ ಒಂದೇ ಸಂಗತಿ ಇದೆಯೇ ಎಂಬುದಷ್ಟೇ ಪ್ರಶ್ನೆ. ಆದ್ದರಿಂದ ನೀವು ಮಾಡಬೇಕಾದದ್ದೂ ಅದೇ ಕೆಲಸ, ನಮಗಿಂತ ಮೊದಲು.

ಕೆಂಪು ಗುರುತು ಏನನ್ನು ನೋಡುತ್ತದೆ

ನಿಮ್ಮ ಗೆಳೆಯನ ಮಾತು ಅರ್ಧ ನಿಜ. ಖಾನೆ ಖಾಲಿ ಬಿಟ್ಟರೆ, ಇಮೇಲ್ ವಿಳಾಸದಲ್ಲಿ @ ಇಲ್ಲದಿದ್ದರೆ, ಹತ್ತರೊಳಗೆ ಇರಬೇಕಾದ ಅಂಕ 86 ಎಂದಾಗಿದ್ದರೆ ಕೆಂಪು ಗುರುತು ಬರುತ್ತದೆ. ಆ ವ್ಯವಸ್ಥೆ ನೋಡುವುದು ಉತ್ತರದ ಆಕಾರವನ್ನು ಮಾತ್ರ. 8.6 ಇರಬೇಕಾದಲ್ಲಿ 8.9 ಇದ್ದರೆ ಅದಕ್ಕೆ ಎರಡೂ ಒಂದೇ. ಇಮೇಲ್‌ನಲ್ಲಿ ಒಂದು ಅಕ್ಷರ ಹಿಂದುಮುಂದಾಗಿದ್ದರೂ ಅದು ಒಪ್ಪಿಕೊಳ್ಳುತ್ತದೆ. ಆಮೇಲೆ ಸಂದರ್ಶನದ ಕರೆ ಯಾರದೋ ಪೆಟ್ಟಿಗೆಗೆ ಹೋಗುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಮೇಜಿಗೆ ಬಂದು ನಿಲ್ಲುವ ತಪ್ಪುಗಳೆಲ್ಲ ಕೆಂಪು ಗುರುತನ್ನು ದಾಟಿ ಬಂದವು.

8.6 ಮತ್ತು 8.9ರ ಮಾತು ಸುಮ್ಮನೆ ಎತ್ತಿದ್ದಲ್ಲ. ಒಬ್ಬ ಹುಡುಗನ ಅರ್ಜಿಯಲ್ಲಿ ಸರಾಸರಿ ಗ್ರೇಡ್ 8.9 ಎಂದಿತ್ತು, ಅಂಕಪಟ್ಟಿಯಲ್ಲಿ 8.6. ಪರಿಶೀಲಿಸುವವರಿಗೆ ಇದು ಕೈತಪ್ಪೋ ಅಂಕ ಹಿಗ್ಗಿಸುವ ಪ್ರಯತ್ನವೋ ತಿಳಿಯುವುದಿಲ್ಲ, ತಿಳಿಯುವ ದಾರಿಯೂ ಇಲ್ಲ. ಹುಡುಗನನ್ನು ಕೇಳಿದಾಗ ಅವನು ತಾನು 8.6 ಎಂದೇ ತುಂಬಿದ್ದೆ ಎಂದು ಪಟ್ಟು ಹಿಡಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಆ ಖಾನೆ ಸಂಖ್ಯೆಗೆಂದೇ ಮಾಡಿದ್ದು. ಇಂಥ ಖಾನೆಯಲ್ಲಿ ಒಮ್ಮೆ ಕ್ಲಿಕ್ ಮಾಡಿ, ಕರ್ಸರ್ ಅಲ್ಲೇ ಇರುವಾಗ ಮೌಸ್‌ನ ಚಕ್ರ ತಿರುಗಿಸಿದರೆ ಕೆಲವು ಬ್ರೌಸರ್‌ಗಳಲ್ಲಿ ಪುಟ ಸರಿಯುವ ಬದಲು ಸಂಖ್ಯೆಯೇ ಬದಲಾಗುತ್ತದೆ. ಮೇಲಕ್ಕೆ ತಿರುಗಿಸಿದರೆ ಹೆಚ್ಚುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಆ ಅರ್ಜಿಯಲ್ಲಿ ಒಂದೊಂದು ಹೆಜ್ಜೆಗೆ 0.1ರ ವ್ಯತ್ಯಾಸ. ಗ್ರೇಡ್ ತುಂಬಿದ ಮೇಲೆ, ಮೇಲಿನ ಹೆಸರನ್ನು ಇನ್ನೊಮ್ಮೆ ನೋಡೋಣವೆಂದು ಚಕ್ರವನ್ನು ಮೇಲಕ್ಕೆ ತಿರುಗಿಸಿದ್ದಾನೆ. ಮೂರು ಹೆಜ್ಜೆಗೆ 8.9 ಆಯಿತು. ಕಣ್ಣು ಮೇಲಿನ ಹೆಸರಿನ ಕಡೆಗಿದ್ದುದರಿಂದ ಅದು ಅವನ ಗಮನಕ್ಕೆ ಬರಲಿಲ್ಲ. ಪರಿಶೀಲಿಸಲು ಹೋದದ್ದೇ ತಪ್ಪಿಗೆ ಕಾರಣವಾಯಿತು. ತಿದ್ದುವ ಪುಟಗಳಲ್ಲಿ ಓದಬೇಡಿ ಎಂದು ಹೇಳಿದ್ದು ಇದಕ್ಕಾಗಿ.

ಹೀಗೆ ನಮಗೆ ಗೊತ್ತಿಲ್ಲದೆ ಖಾನೆ ಬದಲಾಗುವ ದಾರಿಗಳು ಇನ್ನೂ ಮೂರಿವೆ. ಒಂದು, ಬ್ರೌಸರ್ ಹಿಂದೆ ಎಲ್ಲೋ ತುಂಬಿದ್ದ ವಿಳಾಸ, ಫೋನ್ ಸಂಖ್ಯೆಗಳನ್ನು ನೆನಪಿಟ್ಟುಕೊಂಡು ತಾನೇ ತುಂಬುವುದು. ನೀವು ಹೆಸರಿನ ಮೊದಲ ಅಕ್ಷರ ಒತ್ತಿ ಅದು ತೋರಿಸಿದ್ದನ್ನು ಆರಿಸಿಕೊಂಡರೆ, ಅದು ಕೆಳಗಿನ ಖಾನೆಗಳನ್ನೂ ತುಂಬಿಬಿಡುತ್ತದೆ. ಆ ಕಂಪ್ಯೂಟರನ್ನು ಮನೆಯ ಬೇರೆಯವರೂ ಬಳಸುತ್ತಿದ್ದರೆ ನಿಮ್ಮ ಅರ್ಜಿಯಲ್ಲಿ ಅಣ್ಣನ ಫೋನ್ ಸಂಖ್ಯೆ ಇರಬಹುದು.

ಎರಡನೆಯದು, ಉದ್ದದ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ ಬರೆದಿಟ್ಟುಕೊಂಡು ಅಲ್ಲಿಂದ ನಕಲು ಮಾಡುವುದು. ಎಕ್ಸೆಲ್ ಸಂಖ್ಯೆಯೊಂದರ ಹದಿನೈದು ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. ಹದಿನಾರು ಅಂಕಿಯ ಖಾತೆ ಸಂಖ್ಯೆ 4417 2208 1935 6687 ಎಂದಿದ್ದರೆ ಅಲ್ಲಿ ಕೊನೆಯ 7 ಸೊನ್ನೆಯಾಗಿಬಿಡುತ್ತದೆ. ಮುಂದೆ ಸೊನ್ನೆ ಇರುವ ನೋಂದಣಿ ಸಂಖ್ಯೆಯಾದರೆ ಆ ಸೊನ್ನೆ ಮಾಯವಾಗುತ್ತದೆ. ಕೋಶವನ್ನು ಮೊದಲೇ ‘ಪಠ್ಯ’ ಎಂದು ಗುರುತಿಸಿದ್ದರೆ ಈ ತೊಂದರೆ ಇಲ್ಲ, ಆದರೆ ಬಹಳ ಜನ ಹಾಗೆ ಮಾಡಿರುವುದಿಲ್ಲ. ಆದ್ದರಿಂದ ಇಂಥ ಸಂಖ್ಯೆಗಳನ್ನು ಮೂಲ ದಾಖಲೆಯಿಂದಲೇ ನೋಡಿ ಬರೆಯಿರಿ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಅನೇಕ ಅರ್ಜಿಗಳಲ್ಲಿ ಒಂದು ಉತ್ತರವನ್ನು ಅವಲಂಬಿಸಿ ಮುಂದಿನ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಮೊದಲು ‘ಉದ್ಯೋಗದಲ್ಲಿದ್ದೇನೆ’ ಎಂದು ಆರಿಸಿ ಸಂಬಳದ ವಿವರ ತುಂಬಿದಿರಿ, ಆಮೇಲೆ ಮನಸ್ಸು ಬದಲಿಸಿ ‘ವಿದ್ಯಾರ್ಥಿ’ ಎಂದಿರಿ. ಸಂಬಳದ ಖಾನೆಗಳು ಪರದೆಯಿಂದ ಮರೆಯಾದವು. ಕೆಲವು ಅರ್ಜಿಗಳಲ್ಲಿ ಆ ಮಾಹಿತಿ ನಿಜವಾಗಿಯೂ ಅಳಿಸಿಹೋಗುತ್ತದೆ, ಕೆಲವದರಲ್ಲಿ ಮರೆಯಲ್ಲೇ ಉಳಿದು ನಮ್ಮವರೆಗೆ ಬರುತ್ತದೆ. ಒಂದೇ ಅರ್ಜಿ ವಿದ್ಯಾರ್ಥಿ ಎಂದೂ ಹೇಳುತ್ತದೆ, ಸಂಬಳವನ್ನೂ ತೋರಿಸುತ್ತದೆ. ಇಂಥ ಉತ್ತರವನ್ನು ಬದಲಿಸಿದ್ದರೆ ಅದರ ಕೆಳಗಿನ ಇಡೀ ಭಾಗವನ್ನು ಇನ್ನೊಮ್ಮೆ ನೋಡಲೇಬೇಕು.

ಹೊಂದಿಸಿ ನೋಡುವ ಕ್ರಮ

ಸಲ್ಲಿಸುವ ಮುನ್ನ ಅರ್ಜಿಯ ಪೂರ್ಣ ರೂಪವನ್ನು ಒಂದೇ ಪುಟದಲ್ಲೋ ಪಿಡಿಎಫ್‌ನಲ್ಲೋ ತೋರಿಸುವ ‘ಪ್ರಿವ್ಯೂ’ ಅನೇಕ ಕಡೆ ಇರುತ್ತದೆ. ಅದು ಸರ್ವರ್‌ನಲ್ಲಿ ಉಳಿದಿರುವ ಮಾಹಿತಿಯಿಂದ ತಯಾರಾಗಿದ್ದರೆ ನಮಗೆ ತಲುಪುವುದಕ್ಕೆ ತೀರ ಹತ್ತಿರವಾಗಿರುತ್ತದೆ. ಆದ್ದರಿಂದ ಮೊದಲು ಡ್ರಾಫ್ಟ್ ಉಳಿಸಿ, ಹೊರಗೆ ಬಂದು, ಮತ್ತೆ ಲಾಗಿನ್ ಆಗಿ, ಆಮೇಲೆ ಪ್ರಿವ್ಯೂ ತೆರೆಯಿರಿ. ಉಳಿಯದೆ ಹೋದ ಪುಟ ಯಾವುದಾದರೂ ಇದ್ದರೆ ಆಗಲೇ ಗೊತ್ತಾಗುತ್ತದೆ. ಸಾಧ್ಯವಿದ್ದರೆ ಅದನ್ನು ಮುದ್ರಿಸಿಕೊಳ್ಳಿ. ಕಾಗದದ ಮೇಲೆ ಮೌಸ್ ಏನನ್ನೂ ಬದಲಿಸಲಾರದು. ಪ್ರಿವ್ಯೂ ಇಲ್ಲದ ಅರ್ಜಿಯಾದರೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಓದಿ.

ಓದುವಾಗ ದಾಖಲೆಯಿಂದ ಅರ್ಜಿಯ ಕಡೆಗೆ ಹೋಗಿ, ಅರ್ಜಿಯಿಂದ ದಾಖಲೆಯ ಕಡೆಗೆ ಬೇಡ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಅದರಲ್ಲಿರುವ ಹೆಸರು, ನೋಂದಣಿ ಸಂಖ್ಯೆ, ತೇರ್ಗಡೆಯಾದ ವರ್ಷ, ಅಂಕ ಇವನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಆಮೇಲೆ ಅರ್ಜಿಯಲ್ಲಿ ಆ ಖಾನೆಯನ್ನು ಹುಡುಕಿ. ಇನ್ನೊಬ್ಬರು ಸಿಕ್ಕರೆ ಮತ್ತೂ ಒಳ್ಳೆಯದು. ನಿಮ್ಮ ಅಕ್ಕ ದಾಖಲೆ ಓದಲಿ, ನೀವು ಅರ್ಜಿಯ ಮೇಲೆ ಬೆರಳಿಟ್ಟು ನೋಡಿ. ಉದ್ದದ ಸಂಖ್ಯೆಯನ್ನು ನಾಲ್ಕು ನಾಲ್ಕಾಗಿ ಒಡೆದು ಓದಲು ಹೇಳಿ. ಒಂದೇ ಉಸಿರಿಗೆ ಓದಿದರೆ 6687 ಮತ್ತು 6678ರ ವ್ಯತ್ಯಾಸ ಕಿವಿಗೆ ಬೀಳುವುದಿಲ್ಲ.

ಎರಡು ಖಾನೆಗಳಿಗೆ ಹೆಚ್ಚು ಹೊತ್ತು ಕೊಡಿ. ಮೊದಲನೆಯದು ಹೆಸರು. ಒಂದು ದಾಖಲೆಯಲ್ಲಿ ಇನಿಷಿಯಲ್ ಮಾತ್ರ, ಇನ್ನೊಂದರಲ್ಲಿ ಅದರ ಪೂರ್ಣರೂಪ, ಮತ್ತೊಂದರಲ್ಲಿ ಹೆಸರಿನ ಹಿಂದುಮುಂದು. ಇದು ದಿನವೂ ನೋಡುವ ಸಂಗತಿ. ಯಾವ ದಾಖಲೆಯಲ್ಲಿರುವಂತೆ ಹೆಸರು ಬರೆಯಬೇಕೆಂದು ಸೂಚನೆಯಲ್ಲಿ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಮುಖ್ಯ ಗುರುತಿನ ದಾಖಲೆಯನ್ನು ಅನುಸರಿಸಿ, ಉಳಿದ ದಾಖಲೆಗಳಲ್ಲಿ ಹೆಸರು ಬೇರೆಯಾಗಿದ್ದರೆ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಒಂದು ಸಾಲು ಬರೆದುಬಿಡಿ. ವ್ಯತ್ಯಾಸವನ್ನು ಅರ್ಜಿದಾರರೇ ಹೇಳಿದ್ದರೆ ನಮಗೆ ಅದು ವಿವರಣೆ. ಹೇಳದೆ ಬಿಟ್ಟು ನಾವೇ ಕಂಡುಹಿಡಿದರೆ ಅದು ಅನುಮಾನ.

ಎರಡನೆಯದು ದಿನಾಂಕ. 03/04/2001 ಎಂಬುದು ಒಂದು ವ್ಯವಸ್ಥೆಗೆ ಏಪ್ರಿಲ್ 3, ಇನ್ನೊಂದಕ್ಕೆ ಮಾರ್ಚ್ 4. ದಿನ ಹನ್ನೆರಡನ್ನು ಮೀರಿದ್ದರೆ ವ್ಯವಸ್ಥೆ ತಾನೇ ತಡೆಯುತ್ತದೆ, ಹನ್ನೆರಡರ ಒಳಗಿದ್ದರೆ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ನೀವು ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಹುಟ್ಟಿದವರಾದರೆ ಪ್ರಿವ್ಯೂನಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಬಂದಿದೆಯೇ ನೋಡಿ. ಬರದಿದ್ದರೆ ಖಾನೆಯ ಪಕ್ಕದ ಸೂಚನೆಯಲ್ಲಿ ದಿನ ಮೊದಲೋ ತಿಂಗಳು ಮೊದಲೋ ಓದಿ ಖಚಿತಪಡಿಸಿಕೊಳ್ಳಿ.

ಫೈಲ್‌ಗಳು

ಆರು ದಾಖಲೆಗಳ ಮುಂದೆ ಹಸಿರು ಗುರುತು ಇದ್ದರೆ, ಏನೋ ಒಂದು ಫೈಲ್ ಅಲ್ಲಿಗೆ ಹೋಗಿ ಸೇರಿದೆ ಎಂದಷ್ಟೇ ಅರ್ಥ. ನಿಮ್ಮ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ತೆರೆದು ನೋಡುವುದರಿಂದ ಪ್ರಯೋಜನವಿಲ್ಲ. ಅರ್ಜಿಯ ಒಳಗಿನಿಂದಲೇ ಒಂದೊಂದು ಫೈಲನ್ನೂ ಮತ್ತೆ ಇಳಿಸಿಕೊಂಡು, ಸಾಧ್ಯವಾದರೆ ಬೇರೊಂದು ಸಾಧನದಲ್ಲಿ ತೆರೆಯಿರಿ. ಶಿಫಾರಸು ಪತ್ರದ ಜಾಗದಲ್ಲಿ ಅಂಕಪಟ್ಟಿ ಇರುವುದು, ಎರಡು ಬದಿಯ ದಾಖಲೆಯಲ್ಲಿ ಒಂದೇ ಬದಿ ಇರುವುದು, ತೆರೆದರೆ ಪಾಸ್‌ವರ್ಡ್ ಕೇಳುವ ಪಿಡಿಎಫ್ ಇರುವುದು, ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ. ಪಾಸ್‌ವರ್ಡ್ ಇರುವ ಫೈಲ್ ನಿಮ್ಮ ಸಾಧನದಲ್ಲಿ ಸಲೀಸಾಗಿ ತೆರೆದುಕೊಳ್ಳಬಹುದು, ಅದರ ಪಾಸ್‌ವರ್ಡನ್ನು ನೀವು ಅಲ್ಲಿ ಹಿಂದೆಯೇ ಉಳಿಸಿಟ್ಟಿದ್ದರೆ. ನಮಗೆ ಅದು ಮುಚ್ಚಿದ ಬಾಗಿಲು.

ಭಾವಚಿತ್ರದ ವಿಷಯದಲ್ಲಿ ಒಂದು ವಿಚಿತ್ರ ಸಮಸ್ಯೆ ಇದೆ. ಫೋನಿನಲ್ಲಿ ನೆಟ್ಟಗೆ ಕಾಣುವ ಫೋಟೊ ನಮ್ಮ ಪರದೆಯಲ್ಲಿ ಅಡ್ಡಲಾಗಿ ಮಲಗಿರುತ್ತದೆ. ಫೋನು ಎಷ್ಟೋ ಸಲ ಚಿತ್ರವನ್ನು ಅಡ್ಡವಾಗಿಯೇ ಉಳಿಸಿ, ‘ತೋರಿಸುವಾಗ ತಿರುಗಿಸು’ ಎಂಬ ಸೂಚನೆಯನ್ನು ಫೈಲಿನೊಳಗೆ ಬರೆದಿಡುತ್ತದೆ. ಆ ಸೂಚನೆಯನ್ನು ಓದದ ತಂತ್ರಾಂಶ ಚಿತ್ರವನ್ನು ಇದ್ದಂತೆಯೇ ತೋರಿಸುತ್ತದೆ. ಚಿತ್ರವನ್ನು ಎಡಿಟರ್‌ನಲ್ಲಿ ತೆರೆದು, ಅಂಚನ್ನು ತುಸು ಕತ್ತರಿಸಿ, ಹೊಸ ಫೈಲಾಗಿ ಉಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನೊಂದು: ಫೈಲಿನ ಹೆಸರಿನ ಕೊನೆಯಲ್ಲಿ .png ತೆಗೆದು .jpg ಎಂದು ಬರೆದರೆ ಚಿತ್ರದ ಬಗೆ ಬದಲಾಗುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ಎಡಿಟರ್‌ನಲ್ಲಿ ತೆರೆದು, ಬೇಕಾದ ಬಗೆಯಲ್ಲೇ ಉಳಿಸಬೇಕು.

ಬರೆಹದ ಖಾನೆ

ಉದ್ದೇಶ ಪತ್ರದಂಥ ಉದ್ದದ ಉತ್ತರಗಳನ್ನು ಬೇರೆ ಕಡೆ ಬರೆದು ತಂದು ಅಂಟಿಸಿದ್ದೀರಿ ಎಂದುಕೊಳ್ಳುತ್ತೇನೆ. ಪ್ರಿವ್ಯೂನಲ್ಲಿ ಮೊದಲು ಕೊನೆಯ ವಾಕ್ಯವನ್ನು ನೋಡಿ. ಮಿತಿ ಮೀರಿದ ಬರೆಹವನ್ನು ಕೆಲವು ಖಾನೆಗಳು ಎಚ್ಚರಿಕೆಯನ್ನೇ ಕೊಡದೆ ಕತ್ತರಿಸುತ್ತವೆ. ‘2000 ಅಕ್ಷರ’ ಎಂದಿದ್ದರೆ ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಹೊಸ ಸಾಲನ್ನು ಕೆಲವು ವ್ಯವಸ್ಥೆಗಳು ಎರಡು ಅಕ್ಷರವೆಂದು ಎಣಿಸುತ್ತವೆ. ಕನ್ನಡದಲ್ಲಿ ಬರೆದಿದ್ದರೆ ಲೆಕ್ಕ ಇನ್ನೂ ಬೇರೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯೂನಿಕೋಡ್‌ನಲ್ಲಿ ಆರು ಸಂಕೇತಗಳು. ಆದ್ದರಿಂದ ಖಾನೆಯ ಕೆಳಗಿನ ಎಣಿಕೆಯನ್ನು ನಂಬಿ, ನೀವು ಬರೆದ ತಂತ್ರಾಂಶದ ಎಣಿಕೆಯನ್ನಲ್ಲ, ಮತ್ತು ಮಿತಿಗಿಂತ ಸ್ವಲ್ಪ ಕಡಿಮೆಯಲ್ಲೇ ನಿಲ್ಲಿಸಿ. ಬೇರೊಂದು ಅರ್ಜಿಗೆ ಬರೆದದ್ದನ್ನು ತಿದ್ದಿ ಬಳಸಿದ್ದರೆ ಹಳೆಯ ಸಂಸ್ಥೆಯ ಹೆಸರು ಎಲ್ಲಾದರೂ ಉಳಿದಿದೆಯೇ ಎಂದು ಕಂಪ್ಯೂಟರಿನಲ್ಲೇ ಹುಡುಕಿಸಿ.

ಯಾವಾಗ ಸಲ್ಲಿಸಬೇಕು

ನಿಮ್ಮ ಅಕ್ಕನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೊನೆಯ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಬರುವುದರಿಂದ ಪುಟ ನಿಧಾನವಾಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಶುಲ್ಕ ಪಾವತಿ. ಹಣ ಖಾತೆಯಿಂದ ಹೋಗಿ, ಅರ್ಜಿಯಲ್ಲಿ ಮಾತ್ರ ‘ಬಾಕಿ’ ಎಂದು ಕಾಣುವುದು ಅಪರೂಪವಲ್ಲ. ಬ್ಯಾಂಕಿನಿಂದ ಖಚಿತ ಸಂದೇಶ ಬರುವವರೆಗೆ ಕಾಯಬೇಕಾಗುತ್ತದೆ, ಅದಕ್ಕೆ ಗಂಟೆಗಳೂ ಹಿಡಿಯಬಹುದು. ನಾಲ್ಕು ದಿನ ಕೈಯಲ್ಲಿದ್ದರೆ ಕಾಯುತ್ತೀರಿ. ಹತ್ತು ನಿಮಿಷವಿದ್ದರೆ ಗಾಬರಿಯಾಗಿ ಎರಡನೇ ಸಲ ಪಾವತಿಸುತ್ತೀರಿ. ನಿಮ್ಮ ಅರ್ಜಿಗೆ ಶುಲ್ಕವಿಲ್ಲದಿದ್ದರೆ ಈ ಆತಂಕ ಇಲ್ಲ, ಆದರೆ ಗಡುವಿನ ಗಂಟೆ ಯಾವ ದೇಶದ್ದು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಬೇರೆ ದೇಶದ ಸಂಸ್ಥೆಯಾದರೆ ‘23:59’ರ ಪಕ್ಕದಲ್ಲಿ ಏನು ಬರೆದಿದೆ ನೋಡಿ. ಯುಟಿಸಿ ಎಂದಿದ್ದರೆ ನಿಮ್ಮ ಗಡಿಯಾರಕ್ಕೆ ಅದನ್ನು ಬದಲಿಸಿಕೊಂಡು ಕಾಗದದ ಮೇಲೆ ಬರೆದಿಡಿ.

ಹಾಗೆಂದು ಈಗಲೇ ಒತ್ತಿಬಿಡಿ ಎಂದೂ ಹೇಳುವುದಿಲ್ಲ. ಬೇಗ ಸಲ್ಲಿಸುವುದರಲ್ಲೂ ಒಂದು ಅಪಾಯವಿದೆ: ಸಂಸ್ಥೆಯವರು ಸೂಚನೆಯನ್ನು ತಿದ್ದಿ ಪ್ರಕಟಿಸಬಹುದು, ನಿಮಗೆ ಬರಬೇಕಾದ ದಾಖಲೆಯ ಹೊಸ ಪ್ರತಿ ಬರಬಹುದು. ಇವೆರಡಕ್ಕೂ ಕಾಯುವುದೇನೂ ಇಲ್ಲವೆಂದಾದರೆ ಇಂದು ಪ್ರಿವ್ಯೂ ಇಳಿಸಿಕೊಂಡು ಮುದ್ರಿಸಿ, ನಾಳೆ ಹಗಲು ಹೊತ್ತಿನಲ್ಲಿ ಅಕ್ಕನ ಜೊತೆ ಕುಳಿತು ಹೊಂದಿಸಿ ನೋಡಿ, ನಾಡಿದ್ದು ಬೆಳಿಗ್ಗೆ ಸಲ್ಲಿಸಿ. ಆಗಲೂ ಕೈಯಲ್ಲಿ ಎರಡು ದಿನ ಉಳಿಯುತ್ತದೆ.

ಎಲ್ಲಿಗೆ ಸಾಕೆನ್ನಬೇಕು ಎಂದು ಕೇಳಿದ್ದೀರಿ. ನಾನು ಹೇಳುವ ಅಳತೆ ಇದು. ದಾಖಲೆ ಹಿಡಿದು ಒಂದು ಸುತ್ತು ಪೂರ್ತಿ ನೋಡಿ. ಏನೂ ಸಿಗದಿದ್ದರೆ ಕೆಲಸ ಮುಗಿಯಿತು, ಎರಡನೇ ಸುತ್ತು ಬೇಡ. ತಪ್ಪು ಸಿಕ್ಕರೆ ಆ ಪುಟಕ್ಕೆ ಹೋಗಿ, ತಿದ್ದಿ, ಖಾನೆಯ ಹೊರಗೆ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಉಳಿಸಿ, ಹೊಸ ಪ್ರಿವ್ಯೂ ತೆಗೆಯಿರಿ. ತಿದ್ದಿದ ಪುಟವನ್ನೂ, ಆ ಉತ್ತರವನ್ನು ಅವಲಂಬಿಸಿದ ಪುಟಗಳನ್ನೂ ಮತ್ತೆ ಹೊಂದಿಸಿದರೆ ಸಾಕು. ಉದ್ದೇಶ ಪತ್ರದ ಒಂದು ಪದವನ್ನು ಇನ್ನೂ ಚೆಂದ ಮಾಡಬಹುದಿತ್ತು ಎನಿಸಿದರೆ ಅದು ಪರಿಶೀಲನೆಗೆ ಸೇರಿದ್ದಲ್ಲ. ಆ ಹಂತದಲ್ಲಿ ಅದನ್ನು ಮುಟ್ಟಬೇಡಿ.

ಸಲ್ಲಿಸುವ ದಿನ ಅರ್ಜಿಯನ್ನು ಒಂದೇ ಟ್ಯಾಬ್‌ನಲ್ಲಿ ತೆರೆಯಿರಿ. ಎರಡು ಕಡೆ ತೆರೆದಿದ್ದರೆ ಹಳೆಯ ಟ್ಯಾಬ್‌ನಲ್ಲಿದ್ದುದು ಹೊಸದರ ಮೇಲೆ ಬರೆದುಕೊಳ್ಳಬಹುದು. ಘೋಷಣೆಯ ಚೌಕಕ್ಕೆ ಗುರುತು ಹಾಕುವ ಮುನ್ನ ಅದನ್ನು ಓದಿ. ಮಾಹಿತಿ ತಪ್ಪಾಗಿದ್ದರೆ ಆಯ್ಕೆಯಾದ ಮೇಲೂ ರದ್ದುಪಡಿಸಬಹುದು ಎಂಬ ಒಪ್ಪಿಗೆ ಸಾಮಾನ್ಯವಾಗಿ ಅಲ್ಲಿ ಇರುತ್ತದೆ. ಬಟನ್ ಒತ್ತಿದ ಮೇಲೆ ಪುಟ ತಡೆದರೆ ಮತ್ತೆ ಒತ್ತಬೇಡಿ, ಹಿಂದಕ್ಕೂ ಹೋಗಬೇಡಿ. ಕೆಲವು ನಿಮಿಷ ಬಿಟ್ಟು ಹೊಸದಾಗಿ ಲಾಗಿನ್ ಆಗಿ ಸ್ಥಿತಿ ನೋಡಿ. ‘ಉಳಿಸಲಾಗಿದೆ’ ಎಂದಿದ್ದರೆ ಅರ್ಜಿ ಇನ್ನೂ ನಿಮ್ಮ ಬಳಿಯೇ ಇದೆ. ‘ಸಲ್ಲಿಸಲಾಗಿದೆ’ ಎಂಬ ಸ್ಥಿತಿಯೂ ಅರ್ಜಿ ಸಂಖ್ಯೆಯೂ ಕಂಡರೆ ಮಾತ್ರ ಅದು ಅವರಿಗೆ ತಲುಪಿದೆ. ಸ್ವೀಕೃತಿಯನ್ನೂ ಅಂತಿಮ ಪಿಡಿಎಫ್ ಅನ್ನೂ ಆಗಲೇ ಇಳಿಸಿಕೊಳ್ಳಿ, ಗಡುವು ಮುಗಿದ ಮೇಲೆ ಕೆಲವು ಪೋರ್ಟಲ್‌ಗಳು ಮುಚ್ಚಿಹೋಗುತ್ತವೆ. ಸ್ವೀಕೃತಿಯ ಇಮೇಲ್ ಬಾರದಿದ್ದರೆ ಸ್ಪ್ಯಾಮ್ ಪೆಟ್ಟಿಗೆಯಲ್ಲೂ ನೋಡಿ. ಅಲ್ಲೂ ಇಲ್ಲದಿದ್ದರೆ ನೀವು ಕೊಟ್ಟ ವಿಳಾಸವನ್ನೇ ಮೊದಲು ಪರೀಕ್ಷಿಸಿ.

ಇಷ್ಟೆಲ್ಲ ಆದ ಮೇಲೂ ತಪ್ಪೊಂದು ಕಣ್ಣಿಗೆ ಬಿದ್ದರೆ ಎರಡನೇ ಅರ್ಜಿ ಹಾಕಲು ಹೋಗಬೇಡಿ. ಒಬ್ಬರೇ ಎರಡು ಅರ್ಜಿ ಹಾಕಿದರೆ ಎರಡನ್ನೂ ಬದಿಗಿಡುವ ನಿಯಮ ಕೆಲವು ಕಡೆ ಇದೆ. ತಿದ್ದುಪಡಿಗೆಂದು ಪ್ರತ್ಯೇಕ ಅವಧಿ ಕೊಟ್ಟಿದ್ದಾರೆಯೇ ಎಂದು ಸೂಚನೆಯಲ್ಲಿ ನೋಡಿ. ಇಲ್ಲದಿದ್ದರೆ ಅದೇ ದಿನ ಸಹಾಯವಾಣಿಯ ಇಮೇಲ್‌ಗೆ ನಾಲ್ಕು ಸಾಲು ಬರೆಯಿರಿ: ಅರ್ಜಿ ಸಂಖ್ಯೆ, ಯಾವ ಪುಟದ ಯಾವ ಖಾನೆ, ಈಗ ಏನಿದೆ, ಏನಿರಬೇಕು. ಜೊತೆಗೆ ಆ ದಾಖಲೆಯನ್ನು ಲಗತ್ತಿಸಿ. ‘ತಿದ್ದಲು ಅವಕಾಶವಿಲ್ಲ’ ಎಂದಿರುವಲ್ಲಿ ಅವರು ತಿದ್ದಿಯೇ ಕೊಡುತ್ತಾರೆ ಎಂದು ಹೇಳಲಾರೆ. ಆದರೆ ಪರಿಶೀಲಿಸುವವರು ವ್ಯತ್ಯಾಸವನ್ನು ಕಂಡಾಗ ನಿಮ್ಮ ಪತ್ರ ಅದಕ್ಕಿಂತ ಮುಂಚಿನ ತಾರೀಖಿನಲ್ಲಿ ಕಡತದಲ್ಲಿದ್ದರೆ, ಅದನ್ನು ಕೈತಪ್ಪೆಂದು ಒಪ್ಪಿಕೊಳ್ಳಲು ಅವರಿಗೆ ಆಧಾರ ಸಿಗುತ್ತದೆ.